ಹೆಸರು ಹಲವು, ವಿಷಯ ಒಂದು: ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಗ್ರಂಥಪಾಲಕರ ಓಲೆ



ಪದವಿ ತರಗತಿಗಳು ಆರಂಭವಾಗಿವೆ. ಈ ತಿಂಗಳ ಅಂಕಣವನ್ನು ಎಂದಿನಂತೆ ಬರೆಯದೆ, ಹೊಸದಾಗಿ ಕಾಲೇಜಿಗೆ ಬಂದಿರುವ ಮಕ್ಕಳಿಗೆ ಒಂದು ಓಲೆಯ ರೂಪದಲ್ಲಿ ಬರೆಯಬೇಕೆಂದು ನಮಗೆ ಅನಿಸಿದೆ. ಮನೆಯ ಹಿರಿಯರೂ ಇದನ್ನು ಓದಿದರೆ ಸಂತೋಷವೇ. ನಾವು ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ಬಹಳ ವರ್ಷಗಳಾದವು. ಕಪಾಟಿನಲ್ಲಿ ಪುಸ್ತಕ ಹುಡುಕಲಾರದೆ ನಿಂತ ವಿದ್ಯಾರ್ಥಿ ನಮ್ಮ ಬಳಿಗೆ ಬಂದು ಕೇಳುತ್ತಾನೆ. ಆದರೆ ಕಂಪ್ಯೂಟರಿನ ಪರದೆಯ ಮುಂದೆ ಹುಡುಕಿ ಬರಿಗೈಯಲ್ಲಿ ಎದ್ದವನು ಕೇಳುವುದಿಲ್ಲ; ಅಲ್ಲಿ ಇಲ್ಲದ್ದು ಎಲ್ಲಿಯೂ ಇಲ್ಲವೆಂದು ನಂಬಿ ಮನೆಗೆ ಹೋಗುತ್ತಾನೆ. ಈ ಓಲೆ ಅಂಥವರಿಗಾಗಿ.

ಕಳೆದ ವರ್ಷ ನಡೆದ ಸಂಗತಿಯೊಂದನ್ನು ಹೇಳುತ್ತೇವೆ. ಬಿ.ಎ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಶರಣರ ಕಾಯಕ ತತ್ತ್ವದ ಮೇಲೆ ವಿಚಾರ ಸಂಕಿರಣಕ್ಕೊಂದು ಪ್ರಬಂಧ ಬರೆಯುತ್ತಿದ್ದಳು. ಅದರ ಮೊದಲ ವಾಕ್ಯವನ್ನು ನಮಗೆ ತೋರಿಸಿದಳು. ಕಾಯಕದ ವಿಷಯವಾಗಿ ಹೊರದೇಶದ ವಿದ್ವಾಂಸರು ಯಾರೂ ಗಮನ ಹರಿಸಿಲ್ಲವೆಂಬುದು ಆ ವಾಕ್ಯದ ತಾತ್ಪರ್ಯ. "ಇದನ್ನ ಹೆಂಗ ತಿಳಕೊಂಡಿ, ತಂಗಿ?" ಎಂದು ಕೇಳಿದೆವು. "ಎರಡ ದಿನ ಹುಡುಕೇನ್ರಿ ಗುರುಗಳ. ಏನೂ ಬರಲಿಲ್ರಿ" ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ಹುಡುಕಿದ ಪದಗಳನ್ನು ಬರೆದು ತೋರಿಸೆಂದಾಗ, ಇಂಗ್ಲಿಷಿನಲ್ಲಿ ಉದ್ದನೆಯ ಒಂದು ಪ್ರಶ್ನೆಯನ್ನೇ ಬರೆದಳು: ಲಿಂಗಾಯತ ಧರ್ಮದಲ್ಲಿ ಕಾಯಕದ ಮಹತ್ವವೇನು ಎಂದು. ಅದನ್ನು ಹಾಗೆಯೇ ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿದ್ದಳು. ಆ ಚಿಹ್ನೆಗಳ ಅರ್ಥ, ಒಳಗಿರುವ ಪದಗಳೆಲ್ಲ ಇದೇ ಅನುಕ್ರಮದಲ್ಲಿ ಒಟ್ಟಿಗೆ ಸಿಕ್ಕರೆ ಮಾತ್ರ ತೋರಿಸು ಎಂದು. ಅಷ್ಟುದ್ದದ ಪ್ರಶ್ನೆಯನ್ನು ಅಕ್ಷರಶಃ ತನ್ನ ಲೇಖನದೊಳಗೆ ಬರೆದಿಟ್ಟ ವಿದ್ವಾಂಸ ಯಾವ ದೇಶದಲ್ಲಿಯೂ ಸಿಗಲಾರ.

ವಿದ್ವತ್ಪತ್ರಿಕೆಗಳ ಡಿಜಿಟಲ್ ಸೂಚಿ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಜೆಸ್ಟೋರ್ ಎಂಬ ಭಂಡಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ; ಬೇರೆ ಸೂಚಿಗಳ ನಡೆಯೂ ಹೆಚ್ಚುಕಡಿಮೆ ಹೀಗೆಯೇ. ಹಳೆಯ ಪತ್ರಿಕೆಗಳ ಪುಟಪುಟವನ್ನೂ ಚಿತ್ರವಾಗಿ ತೆಗೆದು, ಆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸಿ ಅಲ್ಲಿ ಕೂಡಿಟ್ಟಿದ್ದಾರೆ. ಹುಡುಕಾಟಕ್ಕೆ ಯಾರಿಗೂ ತಡೆಯಿಲ್ಲ. ಓದುವುದಕ್ಕೆ ಮಾತ್ರ ಕಾಲೇಜಿನ ಚಂದಾ ಬೇಕು, ಇಲ್ಲವೇ ಸ್ವಂತ ಹೆಸರಿನಲ್ಲಿ ನೋಂದಾಯಿಸಿಕೊಂಡು ಮಿತಿಯೊಳಗೆ ಪರದೆಯ ಮೇಲೆಯೇ ಓದಬೇಕು. ನಾವು ಪದವನ್ನು ಬರೆದೊಡನೆ ಯಂತ್ರವು ಆ ಅಕ್ಷರಗಳ ಜೋಡಣೆ ಎಲ್ಲೆಲ್ಲಿದೆಯೆಂದು ನೋಡುತ್ತದೆ. ಅರ್ಥವನ್ನು ಹುಡುಕುವ ಹೊಣೆ ಅದರದಲ್ಲ.

ನಮ್ಮ ಕಾಲದಲ್ಲಿ ಮರದ ಪೆಟ್ಟಿಗೆಗಳಲ್ಲಿ ಕಾರ್ಡುಗಳಿದ್ದವು. 'ಲಿಂಗಾಯತ' ಎಂಬ ಕಾರ್ಡನ್ನು ತೆಗೆದರೆ ಅದರ ಹಿಂದೆಯೇ 'ವೀರಶೈವ ಎಂಬುದನ್ನೂ ನೋಡಿ' ಎಂದು ಬರೆದ ಇನ್ನೊಂದು ಕಾರ್ಡು ಇರುತ್ತಿತ್ತು. ಯಾರೋ ಒಬ್ಬ ಗ್ರಂಥಪಾಲಕ, ಎರಡು ಹೆಸರುಗಳ ಸಂಬಂಧವನ್ನು ಬಲ್ಲವನು, ಅದನ್ನು ಬರೆದು ಇಟ್ಟಿರುತ್ತಿದ್ದ. ಲೇಖನಗಳ ಒಡಲನ್ನೇ ಹುಡುಕುವ ಈ ಹೊಸ ಏರ್ಪಾಡಿನಲ್ಲಿ ಅಂಥ ಕಾರ್ಡು ಇದ್ದೇ ಇರುತ್ತದೆಂದು ನಂಬಿ ಕೂರುವಂತಿಲ್ಲ. ಆ ಗ್ರಂಥಪಾಲಕನ ಕೆಲಸ ಈಗ ನಿಮ್ಮ ತಲೆಗೇ ಬಂದಿದೆ.

ಆದ್ದರಿಂದ ಆ ವಿದ್ಯಾರ್ಥಿನಿಗೆ ಕಂಪ್ಯೂಟರನ್ನು ಬದಿಗಿರಿಸಿ ಕಾಗದವನ್ನು ತೆಗೆಯಲು ಹೇಳಿದೆವು. ಅವಳ ವಿಷಯದಲ್ಲಿ ಇರುವುದು ಎರಡೇ ಸಂಗತಿಗಳು: ಒಂದು ಆ ಸಮಾಜ, ಇನ್ನೊಂದು ಕಾಯಕ. 'ಮಹತ್ವ', 'ಪಾತ್ರ', 'ಪ್ರಭಾವ' ಎಂಬಂಥ ಮಾತುಗಳು ಪ್ರಬಂಧದ ತಲೆಬರಹಕ್ಕೆ ಸಲ್ಲುತ್ತವೆಯೇ ಹೊರತು ಹುಡುಕಾಟಕ್ಕೆ ಸಲ್ಲುವುದಿಲ್ಲ. ಕಾಗದದ ಮೇಲೆ ಎರಡು ಸಾಲುಗಳನ್ನು ಮಾಡಿ, ಒಂದೊಂದರ ಕೆಳಗೂ ಆ ಸಂಗತಿಗೆ ಲೋಕ ಬಳಸಿರುವ ಎಲ್ಲ ಹೆಸರುಗಳನ್ನು ಬರೆಯಬೇಕು.

ಮೊದಲ ಸಾಲಿನಲ್ಲಿಯೇ ನಮ್ಮ ಮನೆಯ ಮಕ್ಕಳು ಎಡವುತ್ತಾರೆ. ತಮ್ಮ ಸಮಾಜದ ಹೆಸರು ತಮಗೆ ಗೊತ್ತಿಲ್ಲವೇ ಎಂಬ ವಿಶ್ವಾಸವೇ ಅದಕ್ಕೆ ಕಾರಣ. ಆದರೆ ಬರೆದವರು ಬಳಸಿದ ಹೆಸರುಗಳನ್ನು ನೋಡಿರಿ. ತೆಲುಗಿಗೆ ದೊಡ್ಡ ಸೇವೆ ಮಾಡಿದ ಸಿ. ಪಿ. ಬ್ರೌನ್ ಅವರು 1840ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ನಮ್ಮವರ ಮತ, ಆಚಾರ, ಸಾಹಿತ್ಯಗಳನ್ನು ಕುರಿತು ಬರೆದಾಗ ಶೀರ್ಷಿಕೆಯಲ್ಲಿ ಇಟ್ಟ ಹೆಸರು 'ಜಂಗಮರು' ಎಂದು. ವಿಲಿಯಂ ಮೆಕ್‌ಕಾರ್ಮ್ಯಾಕ್ ಎಂಬ ಮಾನವಶಾಸ್ತ್ರಜ್ಞರು ಬ್ರಿಟನ್ನಿನ ರಾಯಲ್ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ 1963ರಲ್ಲಿ ಬರೆದ ಲೇಖನದ ಹೆಸರಿನಲ್ಲಿ 'ಲಿಂಗಾಯತರು' ಎಂದಿದೆ. ಅದೇ ವಿದ್ವಾಂಸರು ಐದು ವರ್ಷ ಮೊದಲು, 1958ರಲ್ಲಿ, ಅಮೆರಿಕದ ಜಾನಪದ ಪತ್ರಿಕೆಗೆ ಬರೆದ ಲೇಖನದ ಹೆಸರಿನಲ್ಲಿ 'ವೀರಶೈವ ಧರ್ಮ' ಎಂದಿದೆ. ಬರೆದವರು ಒಬ್ಬರೇ, ಬರೆದದ್ದು ಒಂದೇ ಸಮಾಜವನ್ನು ಕುರಿತು, ಹೆಸರು ಮಾತ್ರ ಎರಡು. ಒಂದನ್ನೇ ಹಿಡಿದು ಶೀರ್ಷಿಕೆಗಳಲ್ಲಿ ಹುಡುಕುವವನಿಗೆ ಅವರ ಒಂದು ಲೇಖನ ಮಾತ್ರ ದಕ್ಕುತ್ತದೆ.

ಇದರ ಮೇಲೆ ಕಾಗುಣಿತದ ಗೊಂದಲ ಬೇರೆ. ವೀರಶೈವ ಎಂಬುದನ್ನು ಇಂಗ್ಲಿಷಿನಲ್ಲಿ Virasaiva ಎಂದೂ Virashaiva ಎಂದೂ Veerashaiva ಎಂದೂ Veerasaiva ಎಂದೂ ಬರೆಯುತ್ತಾರೆ. ಸಂಸ್ಕೃತದ ಪದ್ಧತಿ ಬಲ್ಲ ವಿದ್ವಾಂಸರು ಅಕ್ಷರಗಳ ಮೇಲೆ ಗೆರೆ, ಓರೆಗೆರೆಗಳನ್ನಿಟ್ಟು Vīraśaiva ಎಂದು ಬರೆಯುತ್ತಾರೆ. ಬಹುಮಟ್ಟಿನ ಸೂಚಿಗಳು ಗೆರೆಯಿಟ್ಟ ಅಕ್ಷರವನ್ನೂ ಗೆರೆಯಿಲ್ಲದ್ದನ್ನೂ ಒಂದೇ ಎಂದು ಎಣಿಸುತ್ತವೆ. ತೊಂದರೆ ಬರುವುದು ಹಳೆಯ ಮುದ್ರಣದ ಪುಟಗಳಲ್ಲಿ. ಚಿತ್ರದಿಂದ ಅಕ್ಷರವನ್ನು ಓದುವ ಯಂತ್ರವು ಗೆರೆಯಿಟ್ಟ i ಯನ್ನು l ಎಂದೋ, ಓರೆಗೆರೆಯ s ಅನ್ನು ಮತ್ತೇನೋ ಎಂದೋ ತಪ್ಪಾಗಿ ಓದಿಬಿಡುತ್ತದೆ. ನಮ್ಮ ಕಣ್ಣಿಗೆ ಪುಟ ಸ್ವಚ್ಛವಾಗಿ ಕಾಣುತ್ತಿದ್ದರೂ ಅದರ ಹಿಂದೆ ಯಂತ್ರ ಬರೆದುಕೊಂಡಿರುವ ಪಾಠ ಕೆಟ್ಟಿರುತ್ತದೆ. ತಾಳೆಗರಿಯ ಲಿಪಿಕಾರರ ಸ್ಖಾಲಿತ್ಯಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಲಿಪಿಕಾರ ಬದಲಾಗಿದ್ದಾನೆ ಅಷ್ಟೆ. ಅದಕ್ಕೆ ಪರಿಹಾರವೆಂದರೆ ಒಂದೇ ಪದವನ್ನು ನೆಚ್ಚದಿರುವುದು. ಒಂದು ರೂಪ ತಪ್ಪಿದ ಕಡೆ ಇನ್ನೊಂದು ಸಿಕ್ಕೀತು.

ಇಷ್ಟು ರೂಪಗಳನ್ನು ಒಂದೊಂದಾಗಿ ಹುಡುಕುತ್ತಾ ಕೂರಬೇಕಿಲ್ಲ. ಪದದ ಬುಡವನ್ನು ಬರೆದು ಕೊನೆಗೆ ನಕ್ಷತ್ರ ಚಿಹ್ನೆಯನ್ನು ಇಟ್ಟರೆ, ಆ ಬುಡದಿಂದ ಹುಟ್ಟಿದ ಪದಗಳೆಲ್ಲ ಬರುತ್ತವೆ. Lingayat* ಎಂದರೆ ಏಕವಚನ, ಬಹುವಚನ, ಕೊನೆಗೆ h ಸೇರಿಸಿ ಬರೆದ ರೂಪ, ಧರ್ಮವಾಚಕ ರೂಪ ಎಲ್ಲವೂ ಸಿಗುತ್ತವೆ. ಆದರೆ ನಕ್ಷತ್ರವನ್ನು ಎಲ್ಲಿ ಇಡಬೇಕೆಂಬುದರಲ್ಲಿ ಸೂಕ್ಷ್ಮವಿದೆ. ವಿದ್ಯಾರ್ಥಿನಿ ಉತ್ಸಾಹದಿಂದ Lingay* ಎಂದು ಚಿಕ್ಕದಾಗಿ ಕತ್ತರಿಸಿದಳು. ಪರದೆಯ ಮೇಲೆ ಯುದ್ಧನೌಕೆಗಳು ಬಂದವು! ಫಿಲಿಪೈನ್ಸ್ ದ್ವೀಪಗಳಲ್ಲಿ ಲಿಂಗಾಯೆನ್ ಎಂಬ ಕೊಲ್ಲಿಯಿದೆ. 1945ರ ಜನವರಿಯಲ್ಲಿ ಅಮೆರಿಕದ ಸೇನೆ ಅಲ್ಲಿ ಇಳಿಯಿತು. ಯುದ್ಧದ ಇತಿಹಾಸ ಬರೆದವರೆಲ್ಲ ಆ ಹೆಸರನ್ನು ಬರೆದಿದ್ದಾರೆ. ಹಾಗೆಯೇ Vira* ಎಂದರೆ ವೈರಸ್ ರೋಗಗಳ ಲೇಖನಗಳು ಮುತ್ತಿಕೊಳ್ಳುತ್ತವೆ. ಬಂದ ಫಲಿತಾಂಶಗಳ ಮೊದಲ ಹತ್ತರಲ್ಲಿ ಸಂಬಂಧವೇ ಇಲ್ಲದ ಲೋಕವೊಂದು ಕಾಣಿಸಿತೆಂದರೆ, ನಕ್ಷತ್ರ ಬುಡಕ್ಕೆ ಹೆಚ್ಚು ಸಮೀಪವಾಯಿತೆಂದು ತಿಳಿಯಿರಿ.

ದೂರವಾದರೂ ಕೇಡೇ. ಇದು ಬೇಗ ಗೊತ್ತಾಗುವುದಿಲ್ಲ, ಏಕೆಂದರೆ ಬಾರದ ಲೇಖನವು ತಾನು ಬರಲಿಲ್ಲವೆಂದು ಹೇಳುವುದಿಲ್ಲ. Virasaiva* ಎಂದು ಬರೆದರೆ ಸರಿಯಾಗಿಯೇ ಕಾಣುತ್ತದೆ. ಆದರೆ ವೀರಶೈವ ಮತ ಎನ್ನಲು ಇಂಗ್ಲಿಷರು Virasaivism ಎನ್ನುತ್ತಾರೆ. ಅಲ್ಲಿ v ಅಕ್ಷರದ ಮುಂದೆ ಬರುವುದು a ಅಲ್ಲ, i. ನಮ್ಮ ನಕ್ಷತ್ರ a ಯ ಮುಂದೆ ನಿಂತಿರುವುದರಿಂದ ಆ ಪದ ಬಲೆಯ ಹೊರಗೇ ಉಳಿಯುತ್ತದೆ. ಒಂದು ಅಕ್ಷರ ಹಿಂದೆ ಸರಿದು Virasaiv* ಎಂದರೆ ಎರಡೂ ಒಳಗೆ ಬರುತ್ತವೆ.

ಹೀಗೆ ಹೊರಗುಳಿದದ್ದನ್ನು ಪತ್ತೆಹಚ್ಚಲು ನಾವು ಬಳಸುವ ಉಪಾಯವೊಂದಿದೆ. ಖಚಿತವಾಗಿ ಇದೆಯೆಂದು ನಮಗೆ ಮೊದಲೇ ಗೊತ್ತಿರುವ ಒಂದು ಲೇಖನವನ್ನು ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇವೆ. ರಾಬರ್ಟ್ ಝೈಡೆನ್‌ಬಾಸ್ ಅವರು 1997ರಲ್ಲಿ ಅಮೆರಿಕನ್ ಓರಿಯೆಂಟಲ್ ಸೊಸೈಟಿಯ ಪತ್ರಿಕೆಯಲ್ಲಿ, ಸ್ಕೌಟನ್ ಅವರ 1991ರ ಗ್ರಂಥವನ್ನು ವಿಮರ್ಶಿಸುತ್ತಾ ವೀರಶೈವ ಮತ, ಜಾತಿ, ಕ್ರಾಂತಿ ಎಂಬಿವನ್ನು ಕುರಿತು ಒಂದು ಲೇಖನ ಬರೆದಿದ್ದಾರೆ. ಅದರ ಶೀರ್ಷಿಕೆಯಲ್ಲಿರುವುದು ಆ -ism ಕೊನೆಯ ರೂಪವೇ. ಶೀರ್ಷಿಕೆಯಲ್ಲಿ ಮಾತ್ರ ಹುಡುಕೆಂದು ಆಯ್ದು Virasaiva* ಎಂದು ಬರೆದಾಗ ಅದು ಬಾರದಿದ್ದರೆ, ದೋಷ ಭಂಡಾರದಲ್ಲಿಲ್ಲ, ನಮ್ಮ ಬಲೆಯಲ್ಲಿದೆ. ಬಲೆಯನ್ನು ಸರಿಪಡಿಸಿ ಮತ್ತೆ ಬೀಸಿ, ಗೊತ್ತಿರುವ ಮೀನು ಸಿಕ್ಕ ಮೇಲೆಯೇ ಗೊತ್ತಿಲ್ಲದವನ್ನು ನಂಬಬೇಕು. ಗೊತ್ತಿರುವ ಲೇಖನವೇ ಇಲ್ಲವಲ್ಲ ಎಂದು ಮೊದಲ ವರ್ಷದವರು ಕೇಳಬಹುದು. ನಿಮ್ಮ ಅಧ್ಯಾಪಕರನ್ನು ಒಂದು ಕೇಳಿ. ಇಲ್ಲವೇ ಯಾವುದಾದರೂ ಒಳ್ಳೆಯ ಪುಸ್ತಕದ ಅಡಿಟಿಪ್ಪಣಿಯಿಂದ ಒಂದನ್ನು ಎತ್ತಿಕೊಳ್ಳಿ.

ಇನ್ನು ಎರಡನೆಯ ಸಾಲು. ಕಾಯಕ ಎಂಬ ಪದವನ್ನು ಶೀರ್ಷಿಕೆಯಲ್ಲಿ ಹುಡುಕಿದರೆ ಅತಿ ಮುಖ್ಯವಾದ ಲೇಖನವೇ ತಪ್ಪಿಹೋಗುತ್ತದೆ. ಆರ್. ಬ್ಲೇಕ್ ಮೈಕೇಲ್ ಎಂಬ ಅಮೆರಿಕದ ವಿದ್ವಾಂಸರು 1982ರಲ್ಲಿ ಅಲ್ಲಿನ ಧರ್ಮಾಧ್ಯಯನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನವದು. ವೀರಶೈವ ಪರಂಪರೆಯಲ್ಲಿ ಪೂಜೆಯಾಗಿ ದುಡಿಮೆ ಎಂಬರ್ಥದ ಇಂಗ್ಲಿಷ್ ಹೆಸರು ಅದಕ್ಕಿದೆ. ಇಡೀ ಲೇಖನ ಕಾಯಕವನ್ನೇ ಕುರಿತದ್ದು, ಆದರೆ ಹೆಸರಿನಲ್ಲಿ 'ಕಾಯಕ'ವೂ ಇಲ್ಲ, 'ಲಿಂಗಾಯತ'ವೂ ಇಲ್ಲ. ನಮ್ಮ ವಿದ್ಯಾರ್ಥಿನಿ ಬಯಸಿದ್ದು ಇದನ್ನೇ. ಅವಳು ಹಿಡಿದ ಎರಡು ಪದಗಳೂ ಶೀರ್ಷಿಕೆಗೆ ಹೊರಗಿನವು. ಕನ್ನಡದ ತತ್ತ್ವವೊಂದನ್ನು ಇಂಗ್ಲಿಷಿನಲ್ಲಿ ಬರೆಯುವವನು ಅದನ್ನು ತನ್ನ ಓದುಗನ ಮಾತಿಗೆ ತಿರುಗಿಸಿ ಹೆಸರಿಡುತ್ತಾನೆ. ಆದ್ದರಿಂದ ಕನ್ನಡದ ಪದದೊಡನೆ ಅದರ ಇಂಗ್ಲಿಷ್ ಅನುವಾದವೂ ಕಾಗದದ ಮೇಲಿರಬೇಕು.

ಹಾಗೆಂದು ಬರಿಯ work ಎಂದು ಬರೆದರೆ ಆಗದು. ಆ ಪದವಿಲ್ಲದ ಇಂಗ್ಲಿಷ್ ಲೇಖನವೇ ವಿರಳ. ಇಂಥಲ್ಲಿ ಉದ್ಧರಣ ಚಿಹ್ನೆಗಳು ಉಪಕಾರಿ. ಮೂರು ಪದಗಳ ಒಂದು ಕಟ್ಟನ್ನು ಅವುಗಳ ನಡುವೆ ಇಡಬಹುದು. ಅವಳು ಉದ್ದನೆಯ ಪ್ರಶ್ನೆಗೆ ಬಳಸಿ ಕೆಟ್ಟ ಚಿಹ್ನೆಯೇ ಇಲ್ಲಿ ಕೆಲಸಕ್ಕೆ ಬಂದಿತು. ಕೊನೆಗೆ ಕಾಗದದ ಮೇಲೆ ಮೂಡಿದ್ದು ಇದು:

```
(Lingayat* OR Virasaiv* OR Virashaiv* OR Veerashaiv* OR Veerasaiv*)
AND (kayaka OR "work as worship")
```

ಒಂದೇ ಸಂಗತಿಯ ಬೇರೆ ಬೇರೆ ಹೆಸರುಗಳ ನಡುವೆ OR ಬರುತ್ತದೆ: ಇವುಗಳಲ್ಲಿ ಯಾವುದಾದರೊಂದು ಇರಲಿ ಎಂದು. ಎರಡು ಸಂಗತಿಗಳ ನಡುವೆ AND ಬರುತ್ತದೆ: ಎರಡೂ ಇರಲೇಬೇಕು ಎಂದು. ಇವನ್ನು ದೊಡ್ಡಕ್ಷರಗಳಲ್ಲಿ ಬರೆಯಿರಿ. ಚಿಕ್ಕಕ್ಷರಗಳಲ್ಲಿ ಬರೆದರೆ ಕೆಲವು ಸೂಚಿಗಳು ಸಾಮಾನ್ಯ ಪದವೆಂದು ತಳ್ಳಿಹಾಕುತ್ತವೆ. ಆವರಣ ಚಿಹ್ನೆಗಳನ್ನು ಮರೆಯುವವರು ಬಹಳ ಮಂದಿ. ಅವಿಲ್ಲದಿದ್ದರೆ ಯಂತ್ರವು ಕೊನೆಯ Veerasaiv* ಅನ್ನು ಮಾತ್ರ ಕಾಯಕದೊಡನೆ ಜೋಡಿಸಿ, ಉಳಿದ ಹೆಸರುಗಳಿರುವ ಲೇಖನಗಳನ್ನೆಲ್ಲ ಕಾಯಕವಿರಲಿ ಬಿಡಲಿ ತಂದು ಸುರಿಯಬಹುದು. ಫಲಿತಾಂಶಗಳ ಸಂಖ್ಯೆ ಅಕಾರಣವಾಗಿ ಉಬ್ಬಿದ್ದರೆ ಮೊದಲು ಆವರಣಗಳನ್ನು ಎಣಿಸಿ ನೋಡಿರಿ.

ಇನ್ನೊಂದು ಕಡೆ ಎಚ್ಚರಿಕೆ ಬೇಕು. ಎಲ್ಲಿ ಹುಡುಕಬೇಕೆಂದು ಆಯುವ ಪಟ್ಟಿಯಲ್ಲಿ ಶೀರ್ಷಿಕೆ, ಲೇಖಕರು, ಸಾರಾಂಶ ಎಂಬಿವೆಲ್ಲ ಇರುತ್ತವೆ. ಸಾರಾಂಶದಲ್ಲಿ ಹುಡುಕುವುದು ಜಾಣತನವೆಂದು ಯಾರೋ ಹೇಳಿಕೊಟ್ಟಿರುತ್ತಾರೆ. ವಿಜ್ಞಾನದ ಇತ್ತೀಚಿನ ಪತ್ರಿಕೆಗಳಿಗೆ ಅದು ಸರಿ. ಆದರೆ ಮಾನವಿಕ ವಿಷಯಗಳ ಹಳೆಯ ಪತ್ರಿಕೆಗಳಲ್ಲಿ ಲೇಖನಕ್ಕೆ ಸಾರಾಂಶ ಬರೆಯುವ ರೂಢಿಯೇ ಬಹುತೇಕ ಇರಲಿಲ್ಲ. ಇಲ್ಲದ ಸಾರಾಂಶದಲ್ಲಿ ಪದ ಸಿಗುವುದೆಂತು? ಮೊದಲು ಪೂರ್ಣಪಾಠದಲ್ಲಿ ಹುಡುಕಿ, ಫಲ ಅತಿಯಾದರೆ ಒಂದು ಸಂಗತಿಯನ್ನು ಮಾತ್ರ ಶೀರ್ಷಿಕೆಗೆ ಬಿಗಿಯುವುದು ನಮ್ಮ ಕ್ರಮ.

ಈಗ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಾವು ಮಠದ ಪಾಠಶಾಲೆಯಲ್ಲಿ ಓದಿದವರು. ನಮ್ಮ ನಾಲಗೆಗೆ ಮೊದಲು ಬರುವುದು 'ವೀರಶೈವ' ಎಂಬ ಹೆಸರೇ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್ ಲೇಖನಗಳ ಪಟ್ಟಿಯೊಂದನ್ನು ಮಾಡಿದಾಗ, ಅರಿವಿಲ್ಲದೆಯೇ ಆ ಒಂದೇ ಹೆಸರಿನಿಂದ ಶೀರ್ಷಿಕೆಗಳನ್ನು ಹುಡುಕಿದ್ದೆವು. ಮೆಕ್‌ಕಾರ್ಮ್ಯಾಕರ 1958ರ ಲೇಖನ ಪಟ್ಟಿಯಲ್ಲಿತ್ತು, 1963ರದು ಇರಲಿಲ್ಲ. ಎರಡು ವರ್ಷ ಆ ಪಟ್ಟಿ ಗ್ರಂಥಾಲಯದ ಫಲಕದ ಮೇಲೆ ತೂಗಿತು. ಕೊನೆಗೆ ಒಬ್ಬ ಹುಡುಗ ಬಂದು, "ಗುರುಗಳೇ, ಇದರಾಗ ಲಿಂಗಾಯತ ಅನ್ನೋ ಹೆಸರಿನ ಲೇಖನ ಒಂದೂ ಇಲ್ಲಲ್ರಿ, ಬೇಕಂತನ ಬಿಟ್ಟೀರೇನ್ರಿ?" ಎಂದು ಕೇಳಿದ. ಬೇಕೆಂದು ಬಿಟ್ಟಿರಲಿಲ್ಲ. ಆದರೆ ಅವನಿಗೆ ಹಾಗೆ ಕಂಡದ್ದು ಸಹಜವೇ.

ಅವನ ಪ್ರಶ್ನೆ ಬರಿಯ ಕಾಗುಣಿತದ್ದಾಗಿರಲಿಲ್ಲವೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳದೆಯೂ ತಿಳಿಯುತ್ತದೆ. ಹೆಸರಿನ ಪ್ರಶ್ನೆ ನಮ್ಮ ಮನೆಮನೆಗಳಲ್ಲಿ ಚರ್ಚೆಯಾಗಿದೆ; 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಯ ಶಿಫಾರಸನ್ನು ಕೇಂದ್ರಕ್ಕೆ ಕಳುಹಿಸಲು ತೀರ್ಮಾನಿಸಿದಾಗ ಅದು ಬೀದಿಗೂ ಬಂದಿತ್ತು. ಆ ವಾದದಲ್ಲಿ ಯಾರು ಸರಿ ಎಂಬುದು ಈ ಓಲೆಯ ವಿಷಯವಲ್ಲ. ಆದರೆ ಹುಡುಕಾಟದಲ್ಲಿ ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ವಿದ್ಯಾರ್ಥಿಗಳು, ಒಬ್ಬನು ಒಂದು ಹೆಸರಿನಿಂದ, ಇನ್ನೊಬ್ಬನು ಮತ್ತೊಂದರಿಂದ ಹುಡುಕಿ, ಎರಡು ಬೇರೆ ಬೇರೆ ಕಟ್ಟುಗಳನ್ನು ಹೊತ್ತು ತಂದರು. ವಿದ್ವಾಂಸರೆಲ್ಲ ತನ್ನ ಪಕ್ಷವೆಂದು ಇಬ್ಬರೂ ನಂಬಿದ್ದರು. ಇಬ್ಬರ ಕಟ್ಟುಗಳನ್ನೂ ಕೂಡಿಸಿ ಮೇಜಿನ ಮೇಲಿಟ್ಟಾಗ ವಾದ ಮುಗಿಯಲಿಲ್ಲ, ಮುಗಿಯಬೇಕಾಗಿಯೂ ಇರಲಿಲ್ಲ. ಆದರೆ ಎದುರುಪಕ್ಷದವರು ಏನನ್ನು ಓದಿ ಮಾತಾಡುತ್ತಿದ್ದಾರೆಂಬುದು ಇಬ್ಬರಿಗೂ ಮೊದಲ ಸಲ ತಿಳಿಯಿತು. ನಿಮ್ಮ ನಂಬಿಕೆ ಏನೇ ಇರಲಿ, ಹುಡುಕುವ ಪೆಟ್ಟಿಗೆಯಲ್ಲಿ ಎರಡೂ ಹೆಸರುಗಳನ್ನು ಬರೆಯಿರಿ.

ಇಷ್ಟೆಲ್ಲ ಮಾಡಿದರೂ ಈ ಸೂಚಿಗಳಿಗೆ ಒಂದು ಎಲ್ಲೆಯಿದೆ. ಫ.ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ 'ಶಿವಾನುಭವ'ದ ಲೇಖನಗಳು ಜೆಸ್ಟೋರ್‌ನಲ್ಲಿ ಸಿಗುವುದಿಲ್ಲ. 'ಪ್ರಬುದ್ಧ ಕರ್ಣಾಟಕ'ವೂ ಅಲ್ಲಿಲ್ಲ. ಕಾಯಕವನ್ನು ಕುರಿತು ಕನ್ನಡದಲ್ಲಿ ನಡೆದ ಆಳವಾದ ಚಿಂತನೆಗೆ ಆ ಪರದೆಯಲ್ಲಿ ಜಾಗವಿಲ್ಲ. ಅವುಗಳಿಗೆ ನಮ್ಮ ಗ್ರಂಥಾಲಯದ ಹಿಂದಿನ ಕೋಣೆಗೇ ಬರಬೇಕು. ರಟ್ಟು ಕಟ್ಟಿದ ಹಳೆಯ ಸಂಪುಟಗಳಲ್ಲಿ ವರ್ಷಾಂತ್ಯದ ವಿಷಯಸೂಚಿಯನ್ನು ಬೆರಳಿನಿಂದ ಓದಬೇಕು. ಧೂಳಿಗೆ ಸೀನು ಬರುವವರು ಕರವಸ್ತ್ರ ತನ್ನಿರಿ. ಆದ್ದರಿಂದ ಪ್ರಬಂಧದಲ್ಲಿ 'ಯಾರೂ ಬರೆದಿಲ್ಲ' ಎಂದು ಬರೆಯುವ ಬದಲು, ಯಾವ ಸೂಚಿಯಲ್ಲಿ, ಯಾವ ದಿನ, ಯಾವ ಪದಗಳಿಂದ ಹುಡುಕಿದೆವೆಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಿ. ನೀವು ಸಹಾಯ ಕೇಳಿ ಬಂದಾಗ ನಾವು ಮೊದಲು ನೋಡುವುದು ಆ ಪುಟವನ್ನೇ. ದೋಷ ಎಲ್ಲಿದೆಯೆಂಬುದು ಅದರಲ್ಲಿಯೇ ಕಾಣುತ್ತದೆ.

ಆ ವಿದ್ಯಾರ್ಥಿನಿ ಮೈಕೇಲರ ಲೇಖನವನ್ನು ಓದಿ, ಅದರ ಅಡಿಟಿಪ್ಪಣಿಗಳಿಂದ ಇನ್ನಷ್ಟು ಹೆಸರುಗಳನ್ನು ಎತ್ತಿಕೊಂಡು ಮರುವಾರ ಬಂದಳು. ಕಾಗದದ ಮೊದಲ ಸಾಲಿನಲ್ಲಿ Jangam* ಎಂಬ ಪದವನ್ನು ತಾನೇ ಸೇರಿಸಿದ್ದಳು. ಬ್ರೌನರ ಹೆಸರು ಅವಳ ಪಟ್ಟಿಗೆ ಬಂದದ್ದು ಹಾಗೆ. ಪ್ರಬಂಧದ ಮೊದಲ ವಾಕ್ಯವನ್ನು ಗೀಚಿಹಾಕಿದ್ದಳು. ಅದರ ಜಾಗದಲ್ಲಿ, ಅಮೆರಿಕದ ವಿದ್ವಾಂಸರೊಬ್ಬರು 1982ರಲ್ಲಿ ಕಾಯಕವನ್ನು ಹೇಗೆ ಅರ್ಥಮಾಡಿದ್ದಾರೆ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮರನ್ನು ಓದಿದ ತನಗೆ ಅದರಲ್ಲಿ ಎಲ್ಲಿ ಒಪ್ಪಿಗೆಯಿಲ್ಲ ಎಂದು ಬರೆದಿದ್ದಳು.